ಖಾಲಿ ಮನೆ ಬೇರೆ, ಸೊನ್ನೆ ಬೇರೆ: ಮಾರಾಟದ ಪಟ್ಟಿಯಿಂದ ವಸ್ತು–ಪ್ರದೇಶ ಕೋಷ್ಟಕ

ಪ್ರಶ್ನೆ: ನನ್ನ ಬಳಿ ಮಾರಾಟದ ನಮೂದುಗಳ ಉದ್ದನೆಯ ಪಟ್ಟಿ ಎಕ್ಸೆಲ್‌ನಲ್ಲಿದೆ. ಒಂದೊಂದು ಸಾಲಿನಲ್ಲಿ ವಸ್ತು, ಪ್ರದೇಶ, ಪ್ರಮಾಣ ಇವೆ. ವಸ್ತುಗಳು ಎಡಗಡೆ, ಪ್ರದೇಶಗಳು ಮೇಲ್ಗಡೆ ಬರುವಂತೆ ಕೋಷ್ಟಕ ಮಾಡಬೇಕು. SUMIFS ಹಾಕಿದರೆ ಮಾರಾಟವೇ ಆಗದ ಕಡೆಯೂ 0 ಬರುತ್ತದೆ; ಅಲ್ಲಿ ನನಗೆ ಖಾಲಿ ಬೇಕು. ಸೊನ್ನೆಗಳು ಕಾಣದಂತೆ ಮಾಡಿದರೆ ಸಾಕೇ?

ಉತ್ತರ:

ಸಾಲದು. ಸೊನ್ನೆಗಳನ್ನು ಮರೆಮಾಡಿದರೆ ನಿಮ್ಮ ಕೋಷ್ಟಕ ನೋಡಲು ಚೊಕ್ಕಟವಾಗಿರುತ್ತದೆ, ಆದರೆ ಕೆಲವು ಮನೆಗಳಲ್ಲಿ ಸುಳ್ಳು ಹೇಳುತ್ತದೆ. ಒಂದು ಪ್ರದೇಶದಲ್ಲಿ ಹತ್ತು ಫೈಲ್ ಮಾರಾಟವಾಗಿ, ಆ ಹತ್ತೂ ಹಿಂದಿರುಗಿ ಬಂದಿದ್ದರೆ ಅಲ್ಲಿನ ನಿವ್ವಳ ಮಾರಾಟ ಸೊನ್ನೆ. ಇನ್ನೊಂದು ಪ್ರದೇಶದಲ್ಲಿ ಫೈಲ್‌ನ ನಮೂದೇ ಇಲ್ಲದಿದ್ದರೆ ಅಲ್ಲಿ ಹೇಳಲು ಸಂಖ್ಯೆಯೇ ಇಲ್ಲ. SUMIFS ಈ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ, ಏಕೆಂದರೆ ನಾವು ಅದನ್ನು ಕೇಳುವುದು ಮೊತ್ತವನ್ನು ಮಾತ್ರ; ಕೂಡಿಸಲು ಒಂದು ನಮೂದೂ ಸಿಗದಿದ್ದಾಗಲೂ ಅದು 0 ಎಂದೇ ತಿಳಿಸುತ್ತದೆ. ಆದ್ದರಿಂದ ಪ್ರತಿಯೊಂದು ಮನೆಯಲ್ಲೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಮೊದಲು ‘ಈ ಜೋಡಿಯ ನಮೂದು ಇದೆಯೇ’, ಇದ್ದರೆ ಮಾತ್ರ ‘ಮೊತ್ತ ಎಷ್ಟು’. ಮೊದಲನೆಯದಕ್ಕೆ COUNTIFS, ಎರಡನೆಯದಕ್ಕೆ SUMIFS.

ಒಂದು ಚಿಕ್ಕ ಪಟ್ಟಿಯ ಮೇಲೆ ಇದನ್ನು ಪೂರ್ತಿಯಾಗಿ ಮಾಡಿ ನೋಡೋಣ. A ಕಾಲಂನಲ್ಲಿ ವಸ್ತು, B ಯಲ್ಲಿ ಪ್ರದೇಶ, C ಯಲ್ಲಿ ಪ್ರಮಾಣ ಇದೆ ಎಂದುಕೊಳ್ಳಿ. ಮೊದಲ ಸಾಲು ಶೀರ್ಷಿಕೆಗಳದ್ದು. ನಮೂದುಗಳು 2ನೇ ಸಾಲಿನಿಂದ 11ನೇ ಸಾಲಿನವರೆಗೆ.

| ಸಾಲು | ವಸ್ತು | ಪ್ರದೇಶ | ಪ್ರಮಾಣ |
|---|---|---|---|
| 2 | ಪೆನ್ | ಉತ್ತರ | 40 |
| 3 | ಪೆನ್ | ದಕ್ಷಿಣ | 25 |
| 4 | ಫೈಲ್ | ಉತ್ತರ | 12 |
| 5 | ನೋಟ್‌ಬುಕ್ | ಪೂರ್ವ | 30 |
| 6 | ಪೆನ್ | ಉತ್ತರ | 15 |
| 7 | ಫೈಲ್ | ದಕ್ಷಿಣ | 10 |
| 8 | ಫೈಲ್ | ದಕ್ಷಿಣ | -10 |
| 9 | ನೋಟ್‌ಬುಕ್ | ಉತ್ತರ | 20 |
| 10 | ನೋಟ್‌ಬುಕ್ | ಪೂರ್ವ | 18 |
| 11 | ಪೆನ್ | ಪೂರ್ವ | 22 |

8ನೇ ಸಾಲಿನ ಋಣ ಸಂಖ್ಯೆ ಹಿಂದಿರುಗಿ ಬಂದ ಸರಕು. ಕೋಷ್ಟಕವನ್ನು ಅದೇ ಹಾಳೆಯಲ್ಲಿ ಬಲಕ್ಕೆ ಕಟ್ಟೋಣ. D ಕಾಲಂ ಸದ್ಯಕ್ಕೆ ಖಾಲಿ ಇರಲಿ, ಅದಕ್ಕೆ ಮುಂದೆ ಕೆಲಸವಿದೆ. E2 ರಿಂದ E5 ರವರೆಗೆ ಕ್ರಮವಾಗಿ ಪೆನ್, ನೋಟ್‌ಬುಕ್, ಫೈಲ್, ಮಾರ್ಕರ್ ಎಂದು ಬರೆಯಿರಿ; F1, G1, H1 ಗಳಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು ಬರೆಯಿರಿ. ಮಾರ್ಕರ್ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಅದನ್ನು ಬೇಕೆಂದೇ ಸೇರಿಸಿದ್ದೇನೆ. ಈಗ F2 ನಲ್ಲಿ ಈ ಸೂತ್ರ:

```
=IF(COUNTIFS($A$2:$A$11,$E2,$B$2:$B$11,F$1)=0,"",
 SUMIFS($C$2:$C$11,$A$2:$A$11,$E2,$B$2:$B$11,F$1))
```

ಇದನ್ನು H5 ರವರೆಗೆ ಎಳೆದರೆ ಹನ್ನೆರಡು ಮನೆಗಳೂ ತುಂಬುತ್ತವೆ. ಎಳೆಯುವಾಗ ಎಡವುವುದು ಸಾಮಾನ್ಯವಾಗಿ ಡಾಲರ್ ಚಿಹ್ನೆಯಲ್ಲಿ. `$E2` ನಲ್ಲಿ ಕಾಲಂ ಮಾತ್ರ ಕಟ್ಟಿಹಾಕಿದೆ, ಸಾಲು ಬಿಟ್ಟಿದೆ. ಸೂತ್ರ ಕೆಳಗಿಳಿದಂತೆ ವಸ್ತು ಬದಲಾಗುತ್ತದೆ, ಬಲಕ್ಕೆ ಸರಿದರೂ E ಕಾಲಂ ಬಿಡುವುದಿಲ್ಲ. `F$1` ನಲ್ಲಿ ಅದು ತಿರುಗುಮುರುಗು. ಪಟ್ಟಿಯ ವ್ಯಾಪ್ತಿಗಳಿಗೆ ಎರಡೂ ಕಡೆ ಡಾಲರ್ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮೊದಲ ಮನೆ ಸರಿಯಾಗಿಯೇ ಬರುತ್ತದೆ, ಉಳಿದವು ಕೆಡುತ್ತವೆ. ಆದ್ದರಿಂದ ಸೂತ್ರ ಸರಿಯೇ ಎಂದು ನೋಡಲು F2 ಅಲ್ಲ, ಕೊನೆಯ ಮನೆಯಾದ H5 ಅನ್ನು ತೆರೆದು ಓದಬೇಕು. ಫಲಿತಾಂಶ ಹೀಗಿರುತ್ತದೆ:

| | ಉತ್ತರ | ದಕ್ಷಿಣ | ಪೂರ್ವ |
|---|---|---|---|
| ಪೆನ್ | 55 | 25 | 22 |
| ನೋಟ್‌ಬುಕ್ | 20 | | 48 |
| ಫೈಲ್ | 12 | 0 | |
| ಮಾರ್ಕರ್ | | | |

ಫೈಲ್‌ನ ಸಾಲನ್ನು ನೋಡಿ. ದಕ್ಷಿಣದಲ್ಲಿ 0 ಉಳಿದಿದೆ, ಪೂರ್ವದಲ್ಲಿ ಖಾಲಿ ಇದೆ. ದಕ್ಷಿಣದಲ್ಲಿ ವ್ಯವಹಾರ ನಡೆದು ಕೈಗೆ ಏನೂ ದಕ್ಕಲಿಲ್ಲ, ಪೂರ್ವದಲ್ಲಿ ವ್ಯವಹಾರವೇ ನಡೆಯಲಿಲ್ಲ. ಈ ಎರಡರ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಬೇರೆಬೇರೆ. ಸೊನ್ನೆಗಳನ್ನು ಮರೆಮಾಡಿದ್ದರೆ ಈ ಎರಡು ಮನೆಗಳು ಒಂದೇ ಆಗಿಬಿಡುತ್ತಿದ್ದವು.

ಅದರ ಪರಿಣಾಮ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಸೀಮಿತವಲ್ಲ. ಸರಾಸರಿ ತೆಗೆದರೆ AVERAGE ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. ಫೈಲ್‌ನ ಸರಾಸರಿ 12 ಮತ್ತು 0 ಗಳದ್ದು, ಅಂದರೆ 6. ನೋಟ್‌ಬುಕ್‌ನ ಸರಾಸರಿ 20 ಮತ್ತು 48 ಗಳದ್ದು, ಅಂದರೆ 34. ಆದರೆ ದಕ್ಷಿಣದಲ್ಲಿ SUMIFS ಕೊಟ್ಟ ಸೊನ್ನೆಯನ್ನು ಮರೆಮಾಡಿ ಹಾಗೆಯೇ ಬಿಟ್ಟಿದ್ದರೆ, ಕಾಣದ ಆ ಸೊನ್ನೆಯೂ ಸೇರಿ ಸರಾಸರಿ 22.67 ಕ್ಕೆ ಇಳಿಯುತ್ತಿತ್ತು. ಹಾಳೆಯಲ್ಲಿ ಎರಡೇ ಸಂಖ್ಯೆಗಳು ಕಾಣುತ್ತಿರುವಾಗ ಮೂರರಿಂದ ಭಾಗಿಸಿದ ಉತ್ತರ ಬಂದರೆ ಓದುವವರಿಗೆ ಅದರ ಕಾರಣ ಹೊಳೆಯುವುದೇ ಇಲ್ಲ. ಮರೆಮಾಡುವುದನ್ನು ನಾನು ವಿರೋಧಿಸುವುದು ಮುಖ್ಯವಾಗಿ ಇದಕ್ಕಾಗಿ. ಇನ್ನು, 34 ಮತ್ತು 22.67 ಇವುಗಳಲ್ಲಿ ಯಾವುದು ನಿಮಗೆ ಬೇಕಾದದ್ದು ಎಂಬುದು ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ‘ಮಾರಾಟ ನಡೆದ ಪ್ರದೇಶಗಳಲ್ಲಿ ಸರಾಸರಿ ಎಷ್ಟು’ ಎಂದಾದರೆ ಮೊದಲನೆಯದು. ‘ಎಲ್ಲ ಪ್ರದೇಶಗಳಿಗೂ ಹಂಚಿದರೆ ಎಷ್ಟು’ ಎಂದಾದರೆ ಮೊತ್ತವನ್ನು ನೀವೇ ಮೂರರಿಂದ ಭಾಗಿಸಿ ಎರಡನೆಯದನ್ನು ಪಡೆಯಬಹುದು. ಆ ತೀರ್ಮಾನ ನಿಮ್ಮದಾಗಿರಬೇಕು, ಅಡಗಿ ಕುಳಿತ ಸೊನ್ನೆಯದ್ದಲ್ಲ.

ಈಗ ಮಾರ್ಕರ್‌ನ ವಿಷಯ. ಕೋಷ್ಟಕದ ಶೀರ್ಷಿಕೆಗಳನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಎಕ್ಸೆಲ್ 2021 ಅಥವಾ ಅದಕ್ಕಿಂತ ಈಚಿನದು ನಿಮ್ಮಲ್ಲಿದ್ದರೆ `=SORT(UNIQUE(A2:A11))` ಎಂದು ಬರೆದು ಪಟ್ಟಿಯಿಂದಲೇ ವಸ್ತುಗಳನ್ನು ಎತ್ತಿಕೊಳ್ಳಬಹುದು. ಆದರೆ ಪಟ್ಟಿಯಲ್ಲಿ ಒಮ್ಮೆಯೂ ಬಾರದ ವಸ್ತು ಆಗ ಕೋಷ್ಟಕದಲ್ಲಿಯೂ ಬಾರದು; ಇಡೀ ಸಾಲು ಖಾಲಿ ಇರುವ ವಸ್ತುವೇ ಹಲವು ಸಲ ನಿಮ್ಮ ಓದುಗರು ಮೊದಲು ತಿಳಿಯಬೇಕಾದದ್ದು. ಹೀಗಾಗಿ ಶೀರ್ಷಿಕೆಗಳನ್ನು ವಸ್ತುಗಳ ಮತ್ತು ಪ್ರದೇಶಗಳ ಪೂರ್ಣ ಪಟ್ಟಿಯಿಂದ ತೆಗೆದುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅದಕ್ಕೊಂದು ಅಪಾಯವೂ ಇದೆ, ಮತ್ತು ಈ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲಿಯೇ: ಶೀರ್ಷಿಕೆಗೆ ಹೊಂದದ ನಮೂದು ಯಾವ ಮನೆಗೂ ಸೇರದೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಖಾಲಿ ಮನೆಯನ್ನು ನಂಬಬೇಕಾದರೆ ಈ ಅಪಾಯವನ್ನು ಅರ್ಥಮಾಡಿಕೊಳ್ಳಲೇಬೇಕು. ಮನೆ ಖಾಲಿ ಇರುವುದಕ್ಕೆ ಕಾರಣ ಮಾರಾಟವಾಗದಿರುವುದೂ ಆಗಿರಬಹುದು, ಹೆಸರು ಹೊಂದದಿರುವುದೂ ಆಗಿರಬಹುದು. ನೋಡಲು ಎರಡೂ ಒಂದೇ ತೆರನಾಗಿರುತ್ತವೆ. 7ನೇ ಸಾಲಿನಲ್ಲಿ ‘ದಕ್ಷಿಣ’ದ ಕೊನೆಯಲ್ಲಿ ಒಂದು ಸ್ಪೇಸ್ ಬಿದ್ದಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಕಾಣದು, ಆದರೆ SUMIFS ಗೂ COUNTIFS ಗೂ ಅದು ಬೇರೆಯೇ ಪ್ರದೇಶ. ಫೈಲ್–ದಕ್ಷಿಣದ ಮನೆಯಲ್ಲಿ ಆಗ 8ನೇ ಸಾಲು ಮಾತ್ರ ಲೆಕ್ಕಕ್ಕೆ ಬಂದು -10 ಕಾಣಿಸಿಕೊಳ್ಳುತ್ತದೆ. ಕೋಷ್ಟಕದ ಒಟ್ಟು ಮೊತ್ತ 172 ಆಗುತ್ತದೆ; ಪಟ್ಟಿಯ C ಕಾಲಂನ ಮೊತ್ತವಾದರೋ 182. ಕೋಷ್ಟಕದ ಕೆಳಗೆ ಈ ವ್ಯತ್ಯಾಸವನ್ನು ತೋರಿಸುವ ಒಂದು ಸೆಲ್ ಇಟ್ಟರೆ ತಪ್ಪು ಕೂಡಲೇ ಗೊತ್ತಾಗುತ್ತದೆ:

```
=SUM(C:C)-SUM(F2:H5)
```

ಎಲ್ಲವೂ ಸರಿಯಿದ್ದರೆ ಇದು 0. ಇಲ್ಲಿ ಪಟ್ಟಿಯ ಕಡೆಗೆ C2:C11 ಎಂದು ಬರೆಯದೆ ಇಡೀ ಕಾಲಂ ಕೊಟ್ಟಿರುವುದಕ್ಕೆ ಕಾರಣವಿದೆ. ನಾಳೆ 12ನೇ ಸಾಲಿನಲ್ಲಿ ಹೊಸ ನಮೂದು ಸೇರಿದರೆ ಕೋಷ್ಟಕದ ಸೂತ್ರ 11 ಕ್ಕೇ ನಿಂತಿರುತ್ತದೆ, ಈ ಸೆಲ್ ಮಾತ್ರ ಅದನ್ನು ಎತ್ತಿ ತೋರಿಸುತ್ತದೆ. ಪಟ್ಟಿ ಬೆಳೆಯುತ್ತಲೇ ಇರುವುದಾದರೆ ಕೋಷ್ಟಕದ ಸೂತ್ರದಲ್ಲಿಯೂ `$A:$A`, `$B:$B`, `$C:$C` ಎಂದು ಇಡೀ ಕಾಲಂಗಳನ್ನೇ ಕೊಡಬಹುದು. ಈ ಎರಡು ಫಂಕ್ಷನ್‌ಗಳ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಹಾಗೆ ಮಾಡಿದರೂ ಮಾಡದಿದ್ದರೂ ಪಟ್ಟಿಯ ಕೆಳಗೆ ಅದೇ C ಕಾಲಂನಲ್ಲಿ ಒಟ್ಟು ಮೊತ್ತವನ್ನು ಬರೆಯದಿರಿ. ಬರೆದರೆ ಮೇಲಿನ ತಾಳೆಯ ಸೆಲ್ ಅದನ್ನೂ ಪಟ್ಟಿಯ ಮೊತ್ತಕ್ಕೆ ಸೇರಿಸಿ, ಎಲ್ಲವೂ ಸರಿಯಿದ್ದರೂ 0 ರ ಬದಲು 182 ತೋರಿಸುತ್ತದೆ.

ಆದರೆ ಮೊತ್ತ ತಾಳೆಯಾಯಿತು ಎಂದ ಮಾತ್ರಕ್ಕೆ ಕೋಷ್ಟಕ ಸರಿಯೆಂದು ಬಿಟ್ಟುಬಿಡಬಾರದು. ಅದೇ ಉದಾಹರಣೆಯಲ್ಲಿ 7 ಮತ್ತು 8 ಎರಡೂ ಸಾಲುಗಳು ಒಂದೇ ಕಡೆಯಿಂದ ನಕಲಾಗಿ, ಎರಡರಲ್ಲೂ ಆ ಸ್ಪೇಸ್ ಇದ್ದರೆ ಏನಾಗುತ್ತದೆ? ಎರಡೂ ನಮೂದುಗಳು ಕೋಷ್ಟಕದ ಹೊರಗುಳಿಯುತ್ತವೆ, ಫೈಲ್–ದಕ್ಷಿಣದ ಮನೆ ಖಾಲಿಯಾಗುತ್ತದೆ, ಮೊತ್ತ ಮಾತ್ರ 182 ಕ್ಕೆ 182 ಸರಿಹೊಂದುತ್ತದೆ, ಏಕೆಂದರೆ ಬಿಟ್ಟುಹೋದವು 10 ಮತ್ತು -10. ಹಿಂದಿರುಗಿದ ಸರಕು ಇರುವ ಪಟ್ಟಿಗಳಲ್ಲಿ ಇದು ಅಪರೂಪವೇನಲ್ಲ. ಆದ್ದರಿಂದ ಮೊತ್ತದ ತಾಳೆಯ ಜೊತೆಗೆ ಪ್ರತಿ ನಮೂದಿನ ತಾಳೆಯೂ ಬೇಕು. D ಕಾಲಂ ಕಾಯ್ದಿರಿಸಿದ್ದು ಅದಕ್ಕಾಗಿಯೇ. D2 ನಲ್ಲಿ ಹೀಗೆ ಬರೆದು ಪಟ್ಟಿಯ ಕೊನೆಯವರೆಗೂ ಎಳೆಯಿರಿ:

```
=COUNTIF($E$2:$E$5,A2)*COUNTIF($F$1:$H$1,B2)
```

ಈ ನಮೂದಿಗೆ ಕೋಷ್ಟಕದಲ್ಲಿ ಎಷ್ಟು ಮನೆಗಳಿವೆ ಎಂಬುದನ್ನು ಇದು ಎಣಿಸುತ್ತದೆ. ಬರಬೇಕಾದ ಉತ್ತರ 1. ಅದು 0 ಆಗಿದ್ದರೆ ನಮೂದಿಗೆ ಮನೆಯೇ ಇಲ್ಲ, ಅಂದರೆ ವಸ್ತುವಿನ ಹೆಸರೋ ಪ್ರದೇಶದ ಹೆಸರೋ ಹೊಂದುತ್ತಿಲ್ಲ. 2 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಶೀರ್ಷಿಕೆಗಳಲ್ಲಿ ಒಂದು ಹೆಸರು ಎರಡು ಸಲ ಬಂದಿದೆ ಮತ್ತು ಆ ನಮೂದು ಎರಡು ಕಡೆ ಲೆಕ್ಕವಾಗುತ್ತಿದೆ. ಫಿಲ್ಟರ್ ಹಾಕಿ 1 ಅಲ್ಲದ ಸಾಲುಗಳನ್ನು ಮಾತ್ರ ನೋಡಿದರೆ ಸಾವಿರಾರು ನಮೂದುಗಳ ಪಟ್ಟಿಯಲ್ಲಿಯೂ ತಪ್ಪಿರುವ ಸಾಲುಗಳು ಒಟ್ಟಿಗೆ ಕೈಗೆ ಸಿಗುತ್ತವೆ. ಎಲ್ಲ ಸಾಲುಗಳಲ್ಲೂ 1 ಬಂದ ಮೇಲೆ ಮಾತ್ರ ಕೋಷ್ಟಕದ ಖಾಲಿ ಮನೆಯನ್ನು ‘ಇಲ್ಲಿ ಮಾರಾಟವಿಲ್ಲ’ ಎಂದು ಓದಬಹುದು.

ಹೊಂದದ ಹೆಸರು ಸಿಕ್ಕಿದಾಗ ಕಾರಣ ತಿಳಿಯಲು ಅಕ್ಷರಗಳನ್ನು ಎಣಿಸಿ. `=LEN(B7)` ಎಂದರೆ ‘ದಕ್ಷಿಣ’ಕ್ಕೆ 6 ಬರಬೇಕು: ದ, ಕ, ಹಲಂತ ಚಿಹ್ನೆ, ಷ, ಇಕಾರ, ಣ. 7 ಬಂದರೆ ಒಂದು ಹೆಚ್ಚಿನ ಅಕ್ಷರ ಅಡಗಿದೆ. ಅದು ಸಾಮಾನ್ಯ ಸ್ಪೇಸ್ ಆಗಿದ್ದರೆ TRIM ಅದನ್ನು ತೆಗೆಯುತ್ತದೆ. ವೆಬ್‌ಪುಟದಿಂದ ನಕಲು ಮಾಡಿದ ಪಠ್ಯದಲ್ಲಿ ಬರುವ ತುಂಡಾಗದ ಸ್ಪೇಸ್, ಅಂದರೆ 160ನೇ ಅಕ್ಷರ, TRIM ಗೆ ಬಗ್ಗುವುದಿಲ್ಲ. ಅದನ್ನು ಮೊದಲು ಸಾಮಾನ್ಯ ಸ್ಪೇಸ್ ಆಗಿ ಬದಲಿಸಿಕೊಳ್ಳಬೇಕು:

```
=TRIM(SUBSTITUTE(B7,UNICHAR(160)," "))
```

ಕನ್ನಡದಲ್ಲಿ ಹೆಸರುಗಳನ್ನು ಬರೆಯುವ ನಮಗೆ ಇನ್ನೊಂದು ವಿಶೇಷ ತೊಡಕಿದೆ. ‘ನೋಟ್‌ಬುಕ್’ ಎಂಬಲ್ಲಿ ಟ್ ಮತ್ತು ಬು ಒತ್ತಕ್ಷರವಾಗಿ ಕೂಡದಂತೆ ಮಾಡಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿರುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಪದದ ನಡುವೆ ಅದು ಇದೆಯೋ ಇಲ್ಲವೋ ಎಂಬುದು ಅಕ್ಷರದ ಆಕಾರದಿಂದಲೇ ತಿಳಿಯುತ್ತದೆ. ಪದದ ಕೊನೆಯಲ್ಲಿ, ಅಂದರೆ ‘ಪೆನ್’ ಎಂಬಂಥ ಹೆಸರಿನ ತುದಿಯಲ್ಲಿ ಅದು ಸೇರಿಕೊಂಡರೆ ಆಕಾರದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ, LEN ಮಾತ್ರ 4 ರ ಬದಲು 5 ಎನ್ನುತ್ತದೆ. TRIM ಇದನ್ನು ಮುಟ್ಟುವುದಿಲ್ಲ. ಎಲ್ಲ ಕಡೆಯಿಂದಲೂ ಅದನ್ನು ಕಿತ್ತುಹಾಕಿದರೆ ನೋಟ್‌ಬುಕ್‌ನ ಬರಹ ಕೆಡುತ್ತದೆ. ಆದ್ದರಿಂದ ತುದಿಯಲ್ಲಿರುವುದನ್ನು ಮಾತ್ರ ತೆಗೆಯುವುದು ಸರಿ. ಅದಕ್ಕಿಂತ ಒಳ್ಳೆಯದು ಹೆಸರುಗಳನ್ನು ಟೈಪ್ ಮಾಡಲು ಬಿಡದಿರುವುದು. `Data Validation` ನಲ್ಲಿ `List` ಆರಿಸಿ `=$E$2:$E$5` ಅನ್ನು ಮೂಲವಾಗಿ ಕೊಟ್ಟರೆ ನಮೂದಿಸುವವರು ಶೀರ್ಷಿಕೆಯಲ್ಲಿರುವ ಹೆಸರನ್ನೇ ಆರಿಸಿಕೊಳ್ಳುತ್ತಾರೆ, ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತದೆ. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಸಾಲುಗಳನ್ನು ಈ ವ್ಯವಸ್ಥೆ ತಡೆಯುವುದಿಲ್ಲ ಎಂಬುದು ನೆನಪಿರಲಿ. ಅವುಗಳಿಗೆ D ಕಾಲಂನ ತಾಳೆಯೇ ಕಾವಲು.

ಇದುವರೆಗೆ ಹೇಳಿದ್ದು ಸುಳ್ಳು ಖಾಲಿಯ ವಿಷಯ. ಸುಳ್ಳು ಸೊನ್ನೆಯೂ ಇದೆ. 3ನೇ ಸಾಲಿನ 25 ಸಂಖ್ಯೆಯಾಗಿರದೆ ಪಠ್ಯವಾಗಿ ಬಂದಿದ್ದರೆ, ಬೇರೆ ತಂತ್ರಾಂಶದಿಂದ ತಂದ ಕಡತಗಳಲ್ಲಿ ಹೀಗಾಗುವುದುಂಟು, COUNTIFS ನಮೂದು ಇದೆ ಎನ್ನುತ್ತದೆ, SUMIFS ಆ ಪಠ್ಯವನ್ನು ಕೂಡಿಸದೆ 0 ಕೊಡುತ್ತದೆ. ಪೆನ್–ದಕ್ಷಿಣದ ಮನೆಯಲ್ಲಿ 25 ರ ಬದಲು 0 ಕಾಣುತ್ತದೆ. ಮೊತ್ತದ ತಾಳೆಯೂ ಇದನ್ನು ಹಿಡಿಯದು, ಏಕೆಂದರೆ C ಕಾಲಂನ SUM ಕೂಡ ಆ ಪಠ್ಯವನ್ನು ಬಿಟ್ಟೇ ಕೂಡಿಸುತ್ತದೆ. ಎರಡೂ ಕಡೆ 157 ಬಂದು ಸರಿಹೊಂದಿಬಿಡುತ್ತವೆ. ಪ್ರಮಾಣವನ್ನೇ ಬರೆಯದೆ ಬಿಟ್ಟ ನಮೂದಿನಲ್ಲಿಯೂ ಇದೇ ಕಥೆ. ಹಿಡಿಯುವ ದಾರಿ ಸುಲಭ: ವಸ್ತುವಿನ ಹೆಸರಿರುವ ಸಾಲುಗಳಷ್ಟೇ ಸಂಖ್ಯೆಗಳು C ಕಾಲಂನಲ್ಲಿರಬೇಕು.

```
=COUNTA(A2:A11)-COUNT(C2:C11)
```

COUNT ಸಂಖ್ಯೆಗಳನ್ನು ಮಾತ್ರ ಎಣಿಸುವುದರಿಂದ, ಇಲ್ಲಿ 0 ಅಲ್ಲದೆ ಬೇರೇನು ಬಂದರೂ ಅಷ್ಟು ಸಾಲುಗಳ ಪ್ರಮಾಣ ಕೆಟ್ಟಿದೆ ಎಂದರ್ಥ. ಅದನ್ನು ಕೋಷ್ಟಕದ ಸೂತ್ರದಲ್ಲಿ ಮುಚ್ಚಿಹಾಕಲು ಹೋಗದೆ ಪಟ್ಟಿಯಲ್ಲೇ ಸರಿಪಡಿಸಬೇಕು. ಪ್ರಮಾಣ ಗೊತ್ತಿಲ್ಲದ ಮಾರಾಟ ಸೊನ್ನೆಯೂ ಅಲ್ಲ, ಖಾಲಿಯೂ ಅಲ್ಲ. ಅದನ್ನು ತೋರಿಸಲು ಈ ಕೋಷ್ಟಕದಲ್ಲಿ ಜಾಗವೇ ಇಲ್ಲ.

ನಿಮ್ಮ ವಸ್ತುಗಳಿಗೆ ಹೆಸರಿನ ಬದಲು ಕೋಡ್‌ಗಳಿದ್ದರೆ ಇನ್ನೊಂದು ಎಚ್ಚರ ಬೇಕು. COUNTIFS, SUMIFS ಗಳು ಸಂಖ್ಯೆಯಂತೆ ಕಾಣುವ ಪಠ್ಯವನ್ನು ಸಂಖ್ಯೆಯಾಗಿಯೇ ಹೋಲಿಸುತ್ತವೆ. ಪಠ್ಯವಾಗಿ ಬರೆದ `007` ಮತ್ತು `7` ನಿಮಗೆ ಎರಡು ವಸ್ತುಗಳು, ಅವುಗಳಿಗೆ ಒಂದೇ. ಎರಡೂ ಸಾಲುಗಳಲ್ಲಿ ಎರಡರ ಮೊತ್ತವೂ ಸೇರಿ ಬರುತ್ತದೆ, ಖಾಲಿ ಇರಬೇಕಾದ ಮನೆ ತುಂಬಿಕೊಳ್ಳುತ್ತದೆ. ಹಾಗೆಯೇ `*` ಮತ್ತು `?` ಅವುಗಳಿಗೆ ಅಕ್ಷರಗಳಲ್ಲ, ‘ಏನಿದ್ದರೂ ಸರಿ’ ಎಂಬ ಸಂಕೇತಗಳು. `10*20` ಎಂಬ ಶೀರ್ಷಿಕೆ `10-20` ಎಂಬ ನಮೂದನ್ನೂ ತನ್ನದೆಂದು ಎಳೆದುಕೊಳ್ಳುತ್ತದೆ. D ಕಾಲಂನಲ್ಲಿ ಇಂಥ ಸಾಲುಗಳ ಎದುರು 2 ಕಾಣಿಸಿಕೊಂಡರೆ ಶೀರ್ಷಿಕೆ ಎರಡು ಸಲ ಬಂದಿಲ್ಲದಿದ್ದರೂ ಕಾರಣ ಇದೇ ಇರಬಹುದು. ಕೋಡ್‌ಗಳಿರುವ ಪಟ್ಟಿಗೆ ಸಮಚಿಹ್ನೆಯಿಂದ ನೇರವಾಗಿ ಹೋಲಿಸುವ ಸೂತ್ರ ಸುರಕ್ಷಿತ:

```
=IF(SUMPRODUCT(($A$2:$A$11=$E2)*($B$2:$B$11=F$1))=0,"",
 SUMPRODUCT(($A$2:$A$11=$E2)*($B$2:$B$11=F$1),$C$2:$C$11))
```

ಇದರಲ್ಲಿ ಇಡೀ ಕಾಲಂಗಳನ್ನು ಕೊಡಬೇಡಿ, ಪ್ರತಿ ಮನೆಗೂ ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ಹೋಲಿಸುತ್ತಾ ಹಾಳೆ ನಿಧಾನವಾಗುತ್ತದೆ. ಅಗತ್ಯವಿಲ್ಲದಿದ್ದರೆ ಮೊದಲ ಸೂತ್ರವೇ ಸಾಕು.

ಕೊನೆಯದಾಗಿ, ಸೂತ್ರ ಕೊಡುವ ಖಾಲಿ ನಿಜವಾದ ಖಾಲಿಯಲ್ಲ ಎಂಬುದನ್ನು ತಿಳಿದಿರಬೇಕು. `""` ಎಂದರೆ ಒಂದೂ ಅಕ್ಷರವಿಲ್ಲದ ಪಠ್ಯ. ಕಣ್ಣಿಗೆ ಮನೆ ಬರಿದಾಗಿ ಕಂಡರೂ ಎಕ್ಸೆಲ್‌ಗೆ ಅದು ಪಠ್ಯವಿರುವ ಮನೆಯೇ, ಮತ್ತು ಕೋಷ್ಟಕದ ಮೇಲೆ ಮುಂದಿನ ಲೆಕ್ಕ ಮಾಡುವಾಗ ಇದರಿಂದ ಮೂರು ಕಡೆ ತೊಂದರೆಯಾಗುತ್ತದೆ.

ಮೊದಲನೆಯದು ಕೂಡುವುದು. ನೋಟ್‌ಬುಕ್‌ನ ಸಾಲಿನ ಒಟ್ಟು ಬೇಕೆಂದು `=F3+G3+H3` ಎಂದು ಬರೆದರೆ `#VALUE!` ಬರುತ್ತದೆ, ಏಕೆಂದರೆ ಕೂಡುವ ಚಿಹ್ನೆ ಪಠ್ಯವನ್ನು ಒಪ್ಪುವುದಿಲ್ಲ. `=SUM(F3:H3)` ಪಠ್ಯವನ್ನು ಬಿಟ್ಟು 68 ಕೊಡುತ್ತದೆ. ಆದರೆ ಮಾರ್ಕರ್‌ನ ಸಾಲಿಗೆ ಅದೇ SUM 0 ಕೊಟ್ಟು, ನಾವು ಇಷ್ಟು ಹೊತ್ತು ಬೇರ್ಪಡಿಸಿದ್ದನ್ನು ಮತ್ತೆ ಬೆರೆಸುತ್ತದೆ. ಒಟ್ಟಿನ ಕಾಲಂನಲ್ಲಿಯೂ ಅದೇ ನಿಯಮ ಉಳಿಯಬೇಕಾದರೆ I2 ನಲ್ಲಿ ಹೀಗೆ ಬರೆದು ಕೆಳಕ್ಕೆ ಎಳೆಯಿರಿ:

```
=IF(COUNT(F2:H2)=0,"",SUM(F2:H2))
```

ಎರಡನೆಯದು ಹೋಲಿಕೆ, ಮತ್ತು ಮೂರರಲ್ಲಿ ಇದೇ ಹೆಚ್ಚು ಮೋಸಗೊಳಿಸುವಂಥದ್ದು, ಏಕೆಂದರೆ ಇಲ್ಲಿ ದೋಷದ ಸಂದೇಶವೇ ಬರುವುದಿಲ್ಲ. ಎಕ್ಸೆಲ್‌ನ ಹೋಲಿಕೆಯಲ್ಲಿ ಯಾವುದೇ ಪಠ್ಯ ಯಾವುದೇ ಸಂಖ್ಯೆಗಿಂತ ದೊಡ್ಡದು. ಹೀಗಾಗಿ ಖಾಲಿ ಕಾಣುವ G3 ಯ ಬಗ್ಗೆ `=G3>0` ಎಂದು ಕೇಳಿದರೆ TRUE ಎಂಬ ಉತ್ತರ ಬರುತ್ತದೆ. ಸೊನ್ನೆಗಿಂತ ಹೆಚ್ಚಿನ ಮಾರಾಟಕ್ಕೆ ಹಸಿರು ಬಣ್ಣ ಬರಲಿ ಎಂದು ನಿಯಮ ಹಾಕಿದಾಗ ಖಾಲಿ ಮನೆಗಳೂ ಹಸಿರಾಗಿಬಿಟ್ಟರೆ ಕಾರಣ ಇದು. ಸಂಖ್ಯೆಯೇ ಎಂದು ಮೊದಲು ಕೇಳಿಕೊಂಡು ನಂತರ ಹೋಲಿಸಬೇಕು:

```
=AND(ISNUMBER(G3),G3>0)
```

ಮೂರನೆಯದು ರೇಖಾನಕ್ಷೆ. ಅದು ಪಠ್ಯವಿರುವ ಮನೆಯನ್ನು ಸೊನ್ನೆಯೆಂದು ಎಣಿಸಿ ರೇಖೆಯನ್ನು ತಳಕ್ಕೆ ಇಳಿಸುತ್ತದೆ. ನಕ್ಷೆಗಾಗಿಯೇ ಪಕ್ಕದಲ್ಲಿ ಇನ್ನೊಂದು ಪ್ರತಿ ಇಟ್ಟು, ಅದರಲ್ಲಿ `""` ಇರುವಲ್ಲಿ `NA()` ಹಾಕಿದರೆ ಆ ಬಿಂದು ಸೊನ್ನೆಯಾಗಿ ಮೂಡುವುದಿಲ್ಲ. ಓದಲು ಕೊಡುವ ಕೋಷ್ಟಕದಲ್ಲಿ `#N/A` ತುಂಬುವುದು ಬೇಡ. ಅದರ ಮೇಲೆ SUM ಕೂಡ ಕೆಲಸ ಮಾಡುವುದಿಲ್ಲ.

ಪಿವೋಟ್ ಟೇಬಲ್ ಬಳಸಬಾರದೇ ಎಂದು ನೀವು ಕೇಳಬಹುದು. ಖಂಡಿತ ಬಳಸಬಹುದು, ವಸ್ತುವನ್ನು `Rows` ಗೆ, ಪ್ರದೇಶವನ್ನು `Columns` ಗೆ, ಪ್ರಮಾಣವನ್ನು `Values` ಗೆ ಎಳೆದರೆ ಯಾವ ಸೂತ್ರವೂ ಇಲ್ಲದೆ ಇಲ್ಲದ ಜೋಡಿಗಳು ಖಾಲಿಯಾಗಿಯೂ ಫೈಲ್–ದಕ್ಷಿಣ 0 ಆಗಿಯೂ ಬರುತ್ತವೆ. `PivotTable Options` ನಲ್ಲಿ `For empty cells show` ಎಂಬಲ್ಲಿ ಯಾರಾದರೂ 0 ಬರೆದಿಟ್ಟಿದ್ದರೆ ಮಾತ್ರ ವ್ಯತ್ಯಾಸ ಮತ್ತೆ ಅಳಿಸಿಹೋಗುತ್ತದೆ. ಪಟ್ಟಿ ಬದಲಾದಾಗ ಅದನ್ನು ರಿಫ್ರೆಶ್ ಮಾಡಬೇಕು, ಮತ್ತು ಪಟ್ಟಿಯಲ್ಲಿಲ್ಲದ ಮಾರ್ಕರ್ ಅದರಲ್ಲಿ ಬರುವುದಿಲ್ಲ. ಅದಕ್ಕೆ ಒಂದು ದೊಡ್ಡ ಗುಣವಿದೆ: ಶೀರ್ಷಿಕೆಗಳನ್ನು ಪಟ್ಟಿಯಿಂದಲೇ ಎತ್ತಿಕೊಳ್ಳುವುದರಿಂದ ಹೆಸರು ಕೆಟ್ಟ ನಮೂದು ಅಲ್ಲಿ ಬಿಟ್ಟುಹೋಗುವುದಿಲ್ಲ, ತನ್ನದೇ ಬೇರೆ ಸಾಲಾಗಿ ಅಥವಾ ಕಾಲಂ ಆಗಿ ನಿಲ್ಲುತ್ತದೆ. ‘ದಕ್ಷಿಣ’ ಎರಡು ಸಲ ಪಕ್ಕಪಕ್ಕ ಕಂಡರೆ ಎಲ್ಲೋ ಸ್ಪೇಸ್ ಇದೆ ಎಂದು ತಕ್ಷಣ ತಿಳಿಯುತ್ತದೆ. ಹೀಗಾಗಿ ಸೂತ್ರದ ಕೋಷ್ಟಕವನ್ನೇ ಅಂತಿಮವಾಗಿ ಇಟ್ಟುಕೊಂಡರೂ ಪಿವೋಟ್ ಟೇಬಲ್ ಒಂದನ್ನು ಬೇರೆ ಹಾಳೆಯಲ್ಲಿ ಮಾಡಿ ಎರಡನ್ನೂ ಒಮ್ಮೆ ಹೋಲಿಸುವುದು ಪ್ರಯೋಜನಕರ.

ಸಿದ್ಧವಾದ ಕೋಷ್ಟಕವನ್ನು ಇತರರಿಗೆ ಕಳುಹಿಸಲು ಸೂತ್ರಗಳನ್ನು ತೆಗೆದು `Paste Special` ನ `Values` ಮೂಲಕ ಮೌಲ್ಯಗಳನ್ನಷ್ಟೇ ಅಂಟಿಸಿದರೂ ಆ ಅಕ್ಷರವಿಲ್ಲದ ಪಠ್ಯ ಮನೆಗಳಲ್ಲಿ ಹಾಗೆಯೇ ಉಳಿಯುತ್ತದೆ, ಮತ್ತು ಪಡೆದವರು ಅದರ ಮೇಲೆ ಲೆಕ್ಕ ಮಾಡಿದರೆ ಮೇಲೆ ಹೇಳಿದ ತೊಂದರೆಗಳು ಅವರಿಗೂ ಎದುರಾಗುತ್ತವೆ. ಅಂಟಿಸಿದ ಪ್ರತಿಯಲ್ಲಿ ಖಾಲಿ ಕಾಣುವ ಮನೆಗಳನ್ನು ಆರಿಸಿ `Delete` ಕೀಲಿ ಒತ್ತಿದರೆ ಅವು ನಿಜವಾಗಿಯೂ ಖಾಲಿಯಾಗುತ್ತವೆ. ಬೇರೆ ತಂತ್ರಾಂಶಕ್ಕೆ ಕೊಡುವುದಾದರೆ `CSV UTF-8` ಆಗಿ ಉಳಿಸಿ: ಅದರಲ್ಲಿ ಖಾಲಿ ಮನೆಯಿದ್ದಲ್ಲಿ ಎರಡು ಅಲ್ಪವಿರಾಮಗಳ ನಡುವೆ ಏನೂ ಇರುವುದಿಲ್ಲ, ಫೈಲ್–ದಕ್ಷಿಣದ ಜಾಗದಲ್ಲಿ 0 ಇರುತ್ತದೆ.